ಬುಡ ಸಣ್ಣಗಿದ್ದ ಬಣವೆ

ಸಗೀರಾ ಯಾವ ಚಿತ್ರವನ್ನೂ ಮೇಲಿನಿಂದ ನೋಡುತ್ತಿರಲಿಲ್ಲ. ಭೂಪಟವಿರಲಿ, ಮಳೆಯ ನಕ್ಷೆಯಿರಲಿ, ಮೊದಲು ಕೆಳಗಿನ ಅಂಚಿಗೆ ಬೆರಳಿಟ್ಟು ಅಲ್ಲಿಂದ ಮೇಲಕ್ಕೆ ಹತ್ತುತ್ತಿದ್ದಳು. ಇಂಡಿ ಊರಲ್ಲಿ ಅವಳ ಕೈಕೆಳಗೆ ಕಲಿತ ಹೆಣ್ಣುಮಕ್ಕಳು ಇಂದಿಗೂ ಹಾಗೆಯೇ ನೋಡುತ್ತಾರೆ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಾಗ, ಊರಿಗೊಂದು ಸಾಲೆ ಕೊಟ್ಟು ಹೋದಳು ಎಂದು ಬಂದವರೆಲ್ಲ ಮಾತಾಡಿಕೊಂಡರು. ಅದು ಪೂರಾ ಸರಿಯಲ್ಲ. ಜಾಗ ಕೊಟ್ಟವರು ಊರ ಹಿರಿಯರಾದ ರೇವಪ್ಪ, ಕಲ್ಲು ಕೊಟ್ಟವರೂ ಅವರೇ. ಸಗೀರಾ ಮಾಡಿದ್ದು ಬೇರೆ. ಅವಳು ಮಾಡಿದಷ್ಟನ್ನೇ ಹೇಳಬೇಕು. ಹೆಚ್ಚಿಗೆ ಹೇಳಿದರೆ ಅವಳಿಗೇ ಸಿಟ್ಟು ಬರುತ್ತಿತ್ತು.

ಅವಳ ತವರು ಬಸವನ ಬಾಗೇವಾಡಿ. ತಂದೆ ದಾವಲಮಲಿಕ ದರ್ಜಿ. ಮಗಳನ್ನು ಬಿಜಾಪುರದ ಶಿಕ್ಷಕಿಯರ ಟ್ರೇನಿಂಗಿಗೆ ಕಳಿಸಿದಾಗ ನಕ್ಕವರಿಗೆಲ್ಲ, ಅವಳು ಅಳತೆ ತೆಗೆದರೆ ತಪ್ಪುವುದಿಲ್ಲ, ಹೊಲಿಯುವುದಕ್ಕಿಂತ ಕಲಿಸುವುದೇ ಅವಳಿಗೆ ಲೇಸು ಎಂದು ಹೇಳಿದನಂತೆ. ಮದುವೆಯಾಗಿ ಇಂಡಿಗೆ ಬಂದಳು. ಗಂಡ ಜೈನುದ್ದೀನ ಸೋಲಾಪುರದ ಬಟ್ಟೆ ಗಿರಣಿಯಲ್ಲಿ ನೇಯುವ ಸಾಂಚಾ ನಡೆಸುತ್ತಿದ್ದ. ರಮಜಾನಕ್ಕೆ, ಮೊಹರಮ್ಮಿಗೆ ರೈಲಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಪೀರಬಿ ಮತ್ತು ಅವಳು, ಇಬ್ಬರೇ.

ಅರವತ್ತರ ದಶಕದ ಮೊದಲ ವರ್ಷಗಳು. ಹೆಣ್ಣುಮಕ್ಕಳ ಸಾಲೆ ಒಂದು ಹಳೆಯ ವಾಡೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಸಣ್ಣವರಿಗೆ ಮುಂಜಾನೆ, ದೊಡ್ಡವರಿಗೆ ಮಧ್ಯಾಹ್ನ. ಒಂದನೆಯ ಇಯತ್ತೆಗೆ, ಎಂದರೆ ಮೊದಲ ತರಗತಿಗೆ, ಬರುವವರು ವರ್ಷ ವರ್ಷ ಹೆಚ್ಚುತ್ತಿದ್ದರು, ಅವರು ಮುಂಜಾನೆಯ ಪಾಳಿಯಲ್ಲಿ ಹಿಡಿಸದೆ ಮಧ್ಯಾಹ್ನಕ್ಕೂ ಹರಿದಿದ್ದರು. ಜಾಗ ಸಿಗದಿದ್ದರೆ ಬರುವ ಜೂನಿನಲ್ಲಿ ಐದನೆಯ ಇಯತ್ತೆ ಮುಚ್ಚುವುದೇ ಸರಿ ಎಂದು ಸಾಲೆಯ ಮುಖ್ಯಸ್ಥೆ, ಹೆಡ್‌ಬಾಯಿ ಕಸ್ತೂರೆವ್ವನಿಗೆ ಮೇಲಿನವರು ಹೇಳಿಬಿಟ್ಟಿದ್ದರು. ಐದನೆಯದು ಮುಚ್ಚಿದರೆ ಆ ಹುಡುಗಿಯರು ಗಂಡುಹುಡುಗರ ಸಾಲೆಗೆ ಹೋಗುವವರಲ್ಲ. ಹತ್ತಿ ಬಿಡಿಸಲು ಹೋಗುವರು, ಇಲ್ಲವೆ ಮದುವೆಯಾಗಿ ಹೋಗುವರು. ಅದು ಕಸ್ತೂರೆವ್ವನಿಗೂ ಗೊತ್ತಿತ್ತು, ಸಗೀರಾಗೂ ಗೊತ್ತಿತ್ತು.

ಇದೇ ಹೊತ್ತಿಗೆ ರೇವಪ್ಪ ತಮ್ಮ ತಾಯಿಯ ಹೆಸರಿನಲ್ಲಿ ಒಂದು ಕಟ್ಟಡ ಕಟ್ಟಿಸಲು ಹೊರಟರು. ಬೇವಿನ ಮರವಿದ್ದ ಜಾಗ, ಕಡೆದಿಟ್ಟ ಕಲ್ಲು, ಎಲ್ಲ ತಯಾರಿತ್ತು. ಊರಿಗೆ ಏನು ಬೇಕು ಎಂಬುದನ್ನು ಊರ ಹಿರಿಯರ ಸಂಘವೇ ಗೊತ್ತು ಮಾಡಲಿ, ಯುಗಾದಿಗೆ ಪಾಯ ತೆಗೆಯೋಣ ಎಂದರು. ಸಂಘದ ಕಾರ್ಯದರ್ಶಿ ಬಸಂತರಾಯರು ಶಿರಸ್ತೇದಾರರಾಗಿ ನಿವೃತ್ತರಾದವರು, ಓದಿಕೊಂಡವರು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುವ ಮನುಷ್ಯರಲ್ಲ. ತಮ್ಮ ಸಂಘದ ಕಾರ್ಯಕರ್ತರನ್ನೇ ಮನೆಮನೆಗೆ ಕಳಿಸಿ, ಹೆಣ್ಣೆಷ್ಟು, ಗಂಡೆಷ್ಟು, ಯಾರಿಗೆ ಎಷ್ಟು ವಯಸ್ಸು ಎಂದು ಎಣಿಸಿದರು. ಎಣಿಕೆ ಮುಗಿದ ಮೇಲೆ ಒಂದು ದೊಡ್ಡ ಹಾಳೆಯ ಮೇಲೆ ಊರಿನ ಚಿತ್ರ ಬರೆದರು.

ಆ ಚಿತ್ರವನ್ನು ನೋಡಲು ಕಸ್ತೂರೆವ್ವನನ್ನೂ ಸಗೀರಾಳನ್ನೂ ಕರೆಸಿದರು. ಸಂಘ ಸೇರುತ್ತಿದ್ದದ್ದು ಬಸಂತರಾಯರ ಮನೆಯ ಪಡಸಾಲೆಯಲ್ಲಿ.

ಗೋಡೆಗೆ ಮೊಳೆ ಹೊಡೆದು ಹಾಳೆ ತೂಗುಬಿಟ್ಟಿದ್ದರು. ನಡುವೆ ನೆಟ್ಟಗೆ ಒಂದು ಗೆರೆ. ಅದರ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಬುಡದ ಪಟ್ಟಿ ಐದು ತುಂಬದ ಮಕ್ಕಳದು, ಅದರ ಮೇಲಿನದು ಐದರಿಂದ ಒಂಬತ್ತರವರೆಗಿನವರದು. ಹೀಗೆ ಐದೈದು ವರ್ಷಕ್ಕೊಂದು ಪಟ್ಟಿ ಒಂದರ ಮೇಲೊಂದು ಏರುತ್ತ ಹೋಗಿ ಹಣ್ಣು ಮುದುಕರಲ್ಲಿ ಮುಗಿಯುತ್ತಿತ್ತು. ಮಂದಿ ಹೆಚ್ಚಿದ್ದಷ್ಟು ಪಟ್ಟಿ ಉದ್ದ. ಮಕ್ಕಳು ಹೆಚ್ಚಿರುವ ಎಳೆಯ ಊರಾದರೆ ಬುಡ ಅಗಲವಾಗಿ, ಮೇಲಕ್ಕೆ ಹೋದಂತೆ ಸಣ್ಣಗಾಗಿ, ಜೋಳದ ಕಣಿಕೆಯ ಬಣವೆಯ ಹಾಗೆ ಕಾಣಬೇಕು. ಹುಟ್ಟುವವರು ಕಡಿಮೆಯಾಗುತ್ತ ಬಂದ ಊರಾದರೆ ಬುಡ ಸಣ್ಣಗಾಗಿ, ಹೊಟ್ಟೆ, ತಲೆ ದಪ್ಪವಾಗುತ್ತವೆ. ಇದನ್ನು ಬಸಂತರಾಯರು ಒಳ್ಳೆಯ ಮಾಸ್ತರರ ಹಾಗೆ ಬಿಡಿಸಿ ಹೇಳಿದರು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಆಮೇಲೆ ಬೆತ್ತದಿಂದ ಹಾಳೆಯನ್ನು ಮುಟ್ಟಿ ತೋರಿಸಿದರು. "ಬುಡ ಸಣ್ಣ ಆಗೈತಿ. ನಡ ಬಡವಾಗೈತಿ. ತಲಿ ದಪ್ಪ ಆಗೈತಿ. ಊರಿಗೆ ವಯಸ್ಸಾತು."

"ನಮಗ ಆದದ್ದು ಊರಿಗೂ ಆತು ಅನ್ರಿ" ಎಂದರು ರೇವಪ್ಪ. ಎಲ್ಲರೂ ನಕ್ಕರು. ಕೂತವರಲ್ಲಿ ತಲೆ ನರೆಯದವರು ಸಾಲೆಯಿಂದ ಬಂದ ಆ ಇಬ್ಬರು ಅಕ್ಕೋರೇ.

ಹಾಗಾಗಿ ಹೊಸ ಸಾಲೆಗಿಂತ, ಹಿರಿಯರು ಹಗಲು ಹೊತ್ತು ಕೂತೇಳಲು ಒಂದು ವಿಶ್ರಾಂತಿ ಮನೆ ಕಟ್ಟುವುದು ಲೇಸು ಎಂಬುದು ಬಸಂತರಾಯರ ವಿಚಾರ. ಮಕ್ಕಳು ಹೇಗೂ ಕಡಿಮೆಯಾಗುತ್ತಾರೆ, ನಾಲ್ಕು ವರ್ಷ ತಡೆದರೆ ಸಾಲೆಯ ಇಕ್ಕಟ್ಟು ತಾನೇ ಇಳಿಯುತ್ತದೆ ಎಂದರು. ಕಸ್ತೂರೆವ್ವನ ಮುಖ ಬಾಡಿತು. ಸಗೀರಾ ಎದ್ದು ಹಾಳೆಯ ಹತ್ತಿರ ಹೋದಳು, ಸೆರಗು ಸರಿಮಾಡಿಕೊಂಡು ಬುಡದ ಪಟ್ಟಿಗೆ ಬೆರಳಿಟ್ಟಳು. ಅಲ್ಲಿಂದ ಮೆಲ್ಲಗೆ ಮೇಲೆ ಹತ್ತಿದಳು. ಒಂದೊಂದು ಪಟ್ಟಿಯನ್ನೂ ಬೆರಳಿನಿಂದಲೇ ಅಳೆದಳು. ಸಂಘದ ಮತ್ತೊಬ್ಬ ಹಿರಿಯರಾದ ಕಾಳಪ್ಪ ಎಲೆ ಅಡಿಕೆ ಹಾಕಿಕೊಂಡು, ಅಕ್ಕೋರು ಗೋಡೆಗೆ ಪಾಠ ಹೇಳುತ್ತಿದ್ದಾರೇನು ಎಂದು ಕೇಳಿದರು.

ಅವಳು ತಿರುಗಿ ಅವರನ್ನೇ ಕೇಳಿದಳು. "ಕಾಳಪ್ಪನವರ, ನೀವು ವಯಸ್ಸು ಎಷ್ಟು ಬರಸೀರಿ?"

"ಅರವತ್ತು ಹಿಡೀರಿ."

"ರೇವಪ್ಪನವರ, ನೀವು?"

"ನಂದೂ ಅರವತ್ತ."

"ನಿಮ್ಮಿಬ್ಬರೊಳಗ ದೊಡ್ಡವರು ಯಾರ್ರಿ?"

ಕಾಳಪ್ಪ ಎದೆ ಸೆಟೆಸಿ, ತಾವು ಏಳೆಂಟು ವರ್ಷಕ್ಕೆ ದೊಡ್ಡವರು, ರೇವಪ್ಪನಿಗೆ ಈಜು ಕಲಿಸಿದವರೇ ತಾವು ಎಂದರು. ಹೇಳಿಬಿಟ್ಟ ಮೇಲೆ ಅವರಿಗೇ ಹೊಳೆದು ಬಾಯಿ ಮುಚ್ಚಿಕೊಂಡರು. ಸಗೀರಾ ಅರವತ್ತರ ಪಟ್ಟಿಯನ್ನು ತೋರಿಸಿದಳು. ಅದೊಂದೇ ಹೊರಗೆ ಚಾಚಿತ್ತು. ಅದರ ಕೆಳಗಿನದೂ ಮೇಲಿನದೂ ಗಿಡ್ಡ. ವಯಸ್ಸು ನೆನಪಿಲ್ಲದವರೆಲ್ಲ ಗುಂಡಾಗಿ ಅರವತ್ತು ಎನ್ನುತ್ತಾರೆ, ಅಕ್ಕಪಕ್ಕದ ಪಟ್ಟಿಯವರೂ ಬಂದು ಇಲ್ಲೇ ಕೂತಿದ್ದಾರೆ, ಅದಕ್ಕೇ ತಲೆ ದಪ್ಪ ಕಾಣುತ್ತದೆ ಎಂದಳು. ಅರವತ್ತರಿಂದ ಮೇಲಿನವರನ್ನೆಲ್ಲ ಒಟ್ಟುಗೂಡಿಸಿದರೆ ನೂರಕ್ಕೆ ಆರು ಮಂದಿ. ಬಸಂತರಾಯರು ಕೂಡಿಸಿ ನೋಡಿ ಹೌದೆಂದರು.

"ನಡ?" ಎಂದು ಕೇಳಿದರು.

"ನಡ ಎಡಗಡೆಗಷ್ಟ ಬಡವಾಗೈತಿರಿ. ಬಲಗಡೆ ನೋಡ್ರಿ, ಹೆಣ್ಣುಮಕ್ಕಳು ತುಂಬಿಕೊಂಡಾರ. ಹುಟ್ಟೋದು ಕಡಿಮಿ ಆಗಿದ್ರ ಎರಡೂ ಕಡೆ ತಗ್ಗು ಬೀಳತಿತ್ತು. ಈ ವಯಸ್ಸಿನ ಗಂಡಸರು ಸೋಲಾಪುರದ ಗಿರಣ್ಯಾಗ ಅದಾರ. ನಮ್ಮ ಮನಿಯವರೂ ಅಲ್ಲೇ ಅದಾರ. ಊರು ಬಿಟ್ಟವರು ಬ್ಯಾರೆ, ಊರಿಗೆ ವಯಸ್ಸಾಗೂದು ಬ್ಯಾರೆ."

ಇಪ್ಪತ್ತರಿಂದ ನಲವತ್ತರವರೆಗಿನ ಆ ತಗ್ಗಿನ ಮೇಲೆ ಅವಳ ಬೆರಳು ಒಂದು ಗಳಿಗೆ ಹೆಚ್ಚೇ ನಿಂತಿತ್ತು. ಬಸಂತರಾಯರು ಸೋಲುವುದಕ್ಕೆ ಹೆದರುವವರಲ್ಲ, ಆದರೆ ಬೇಗ ಸೋಲುವವರೂ ಅಲ್ಲ. ಬೆತ್ತವನ್ನು ಮತ್ತೆ ಬುಡಕ್ಕೆ ತಂದರು.

"ಇದರ ಮಾತು ಹೇಳ್ರಿ ಅಕ್ಕೋರ. ಇದು ಎರಡೂ ಕಡೆ ಸಣ್ಣ ಐತಿ."

ಅದು ನಿಜ. ಐದರಿಂದ ಒಂಬತ್ತರವರೆಗಿನವರು ನೂರಕ್ಕೆ ಹದಿನೈದು, ಐದು ತುಂಬದವರು ಹತ್ತೇ. ಹತ್ತರ ಮೇಲೆ ಹದಿನೈದು ಕೂತಿತ್ತು. ಬುಡ ಸಣ್ಣಗೆ ಮಾಡಿ ಬಣವೆ ಒಟ್ಟಿದರೆ ನಿಲ್ಲುವುದೇ ಇಲ್ಲ ಎಂದು ರೇವಪ್ಪ ಗೊಣಗಿದರು. ಸಂತತಿ ನಿಯಂತ್ರಣದ ಪ್ರಚಾರ ಊರಿಗೆ ತಾಗಿದೆ ಎಂಬುದು ಬಸಂತರಾಯರ ವಾದ. ಆ ಮಾತು ಊರಿಗೆ ಬಂದು ಎರಡು ವರ್ಷವೂ ಆಗಿಲ್ಲ, ಬುಡದ ಪಟ್ಟಿಯಲ್ಲಿರುವುದು ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದವರು ಎಂದಳು ಸಗೀರಾ. ಹಾಗಾದರೆ ಯಾಕೆ ಹೀಗೆ ಎಂದು ಬಸಂತರಾಯರು ಕೇಳಿದರು. ತಿಳಿಯದ್ದನ್ನು ತಿಳಿದಿದೆ ಎನ್ನುವ ಅಭ್ಯಾಸ ಸಗೀರಾಗಿರಲಿಲ್ಲ.

"ನನಗ ಇನ್ನೂ ತಿಳಿದಿಲ್ಲರಿ. ನೋಡಿ ಹೇಳ್ತೇನಿ."

"ಯುಗಾದಿ ದೂರಿಲ್ಲ" ಎಂದರು ರೇವಪ್ಪ. ಬೆದರಿಸಲು ಅಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ.

ದಾರಿಯಲ್ಲಿ ಕಸ್ತೂರೆವ್ವ, ಚೊಚ್ಚಲ ಬಸುರಿಯರು ಹೆರಿಗೆಗೆ ತವರಿಗೆ ಹೋಗಿರುತ್ತಾರೆ, ಕೂಸುಗಳೂ ಅಲ್ಲೇ ಇರುತ್ತವೆ, ಅದಕ್ಕೇ ಕಡಿಮೆ ಬಂದಿರಬೇಕು ಎಂದಳು. ಸಗೀರಾಗೂ ಮೊದಲು ಹೊಳೆದದ್ದು ಅದೇ. ಆದರೆ ಇಂಡಿಯ ಸೊಸೆಯರು ಸಿಂದಗಿಗೆ, ಮುದ್ದೇಬಿಹಾಳಕ್ಕೆ ಹೋದಂತೆ, ಸಿಂದಗಿಗೆ ಕೊಟ್ಟ ಇಂಡಿಯ ಹೆಣ್ಣುಮಕ್ಕಳು ಇಲ್ಲಿಗೆ ಬಂದಿರುತ್ತಾರೆ. ಹೋದಷ್ಟೇ ಬಂದರೆ ಪಟ್ಟಿ ಸಣ್ಣಗಾಗುವುದಿಲ್ಲ. ಅದನ್ನು ಬಿಟ್ಟಳು. ಬೇರೇನಾದರೂ ಹಿಡಿಯಬಹುದೇ ಎಂದು ಹುಡುಕಿದಳು, ಸಿಗಲಿಲ್ಲ. ಬಸಂತರಾಯರೇ ಸರಿಯಿದ್ದರೆ? ಆ ವಿಚಾರವೂ ಬಂತು. ಸರಿಯಿದ್ದರೆ ಒಪ್ಪಿಕೊಳ್ಳಬೇಕು, ಆದರೆ ತಿಳಿಯದೆ ಒಪ್ಪಿಕೊಳ್ಳುವುದಿಲ್ಲ ಎಂದು ಕಸ್ತೂರೆವ್ವನಿಗೆ ಹೇಳಿದಳು.

ಉತ್ತರ ಸಿಕ್ಕದ್ದು ಸಗೀರಾಳ ಮನೆಯ ಒಲೆಯ ಮುಂದೆ. ಪೀರಬಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಚನ್ನವ್ವ ಒಲೆಗೆ ಕೆಂಡ ಒಯ್ಯಲು ಬಂದಿದ್ದಳು. ತಮ್ಮ ಮನೆಯಲ್ಲಿ ರೊಟ್ಟಿ ಎಷ್ಟು ಬಡಿದರೂ ಸಾಲುವುದಿಲ್ಲ ಎಂದು ಪೀರಬಿಯ ಮುಂದೆ ಹೇಳಿಕೊಳ್ಳುತ್ತಿದ್ದಳು. ಸಗೀರಾ ಕೈ ತೊಳೆಯುತ್ತಿದ್ದವಳು ನಿಂತಳು.

"ಚನ್ನವ್ವಕ್ಕ, ಎಣಸಾಕ ಬಂದವರು ನಿನ್ನ ಏನಂತ ಕೇಳಿದ್ರು?"

"ಏನ್ ಕೇಳ್ತಾರ? ಮನ್ಯಾಗ ಉಣ್ಣೋರು ಎಷ್ಟು ಮಂದಿ, ಒಬ್ಬೊಬ್ಬರ ಹೆಸರು ವಯಸ್ಸು ಹೇಳು ಅಂದ್ರು. ಆರು ಮಂದಿ ಹೇಳಿದೆ."

"ನಿನ್ನ ಸೊಸಿ ಕೂಸು?"

ಚನ್ನವ್ವ ಕೆಂಡದ ಬೋಗುಣಿ ಹಿಡಿದುಕೊಂಡೇ ಅವಳನ್ನು ಪಿಳಿಪಿಳಿ ನೋಡಿದಳು. "ಸಾಲಿ ಕಲಿಸೋ ಅಕ್ಕೋರಾಗಿ ಏನ್ ಕೇಳ್ತಿಯವಾ? ಅದು ಎಲ್ಲಿ ಉಣತೈತಿ? ಅವ್ವನ ಹಾಲು ಕುಡಿತೈತಿ."

ಎರಡು ವರ್ಷ ದಾಟಿದರೂ ಎದೆ ಬಿಡದ ಮಕ್ಕಳು ಆ ಓಣಿಯಲ್ಲಿ ಎಷ್ಟೋ. ರೊಟ್ಟಿ ಬಡಿಯುವ ಕೈಯ ಲೆಕ್ಕದಲ್ಲಿ ಅವು ಯಾವುವೂ ಇಲ್ಲ. ಮನೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಉಣ್ಣುವವರು ಎಷ್ಟು ಎಂದೇ ಈ ಸೀಮೆಯಲ್ಲಿ ಯಾರಾದರೂ ಕೇಳುವುದು. ಎಣಿಸುವವರೂ ಹಾಗೆಯೇ ಕೇಳಿದ್ದರು. ಕೇಳಿದವರದೂ ತಪ್ಪಿಲ್ಲ, ಹೇಳಿದವರದೂ ಸುಳ್ಳಲ್ಲ. ತೊಟ್ಟಿಲು ಮಾತ್ರ ಹೊರಗೆ ಉಳಿದಿತ್ತು.

ಸಗೀರಾ ಕುಣಿದಾಡಲಿಲ್ಲ. ಒಬ್ಬ ಚನ್ನವ್ವ ಹೇಳಿದರೆ ಊರು ಹೇಳಿದಂತಾಗುವುದಿಲ್ಲ. ಮರುದಿನ ಪಾಳಿ ಮುಗಿದ ಮೇಲೆ ಕಸ್ತೂರೆವ್ವನನ್ನು ಕರೆದುಕೊಂಡು ಹೊರಟಳು. ಒಂದು ಲಿಂಗಾಯತರ ಓಣಿ, ಒಂದು ಮುಸಲ್ಮಾನರ ಓಣಿ. ಒಂದೇ ಓಣಿಯಾದರೆ, ಅದು ಅವರ ರೂಢಿ, ನಮ್ಮದಲ್ಲ ಎಂದು ಯಾರಾದರೂ ಅಂದಾರು. ಎರಡೂ ಕಡೆ ಪ್ರಶ್ನೆ ಒಂದೇ: ನಿನ್ನೆ ರಾತ್ರಿ ಈ ಸೂರಿನ ಕೆಳಗೆ ಮಲಗಿದ್ದವರು ಯಾರು ಯಾರು? ತೊಟ್ಟಿಲಲ್ಲಿ ಮಲಗಿದ್ದವರನ್ನೂ ಹೇಳಿ.

ಸುಲಭವಾಗಲಿಲ್ಲ. ಕೂಸುಗಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಒಬ್ಬ ಮುದುಕಿ ಬಾಗಿಲು ಹಾಕಿಕೊಂಡಳು. ಸಗೀರಾ ಕಟ್ಟೆಯ ಮೇಲೆ ಕೂತಳು. ಕೂಸಿನ ಹೆಸರು ಬೇಡ, ಎಣಿಸುವುದೂ ಬೇಡ, ಮನೆಯಲ್ಲಿ ತೊಟ್ಟಿಲು ತೂಗುವ ಕೈಗೆ ಕೆಲಸ ಎಷ್ಟು ಎಂದಷ್ಟೇ ಹೇಳಿ ಎಂದು ಬಾಗಿಲ ಸಂದಿಯಿಂದ ಕೇಳಿದಳು. ಒಳಗಿನಿಂದ ನಗೆ ಬಂತು, ಆಮೇಲೆ ಉತ್ತರವೂ ಬಂತು. ಬಿಸಿಲಿಗೆ ಕಸ್ತೂರೆವ್ವ ದಣಿದು ನಾಳೆ ನೋಡೋಣ ಎಂದರೆ, ಇನ್ನೊಂದು ಮನೆ, ಇನ್ನೊಂದೇ ಮನೆ ಎಂದು ಎಳೆದುಕೊಂಡು ಹೋಗುತ್ತಿದ್ದಳು. ಆ ಎರಡು ಓಣಿಗಳಲ್ಲಿ ಬುಡದ ಪಟ್ಟಿ ನೂರಕ್ಕೆ ಹದಿನಾರಾಯಿತು, ಅದರ ಮೇಲಿನದು ಹದಿನಾಲ್ಕಕ್ಕೆ ಇಳಿಯಿತು.

ಸಂಘ ಮತ್ತೆ ಸೇರಿತು. ಬಸಂತರಾಯರ ತೊಡೆಯ ಮೇಲೆ ಮೊಮ್ಮಗ ಕೂತಿದ್ದ, ಅಜ್ಜನ ಚಾಳೀಸು ಕನ್ನಡಕದ ಡಬ್ಬಿಯನ್ನು ಹಲ್ಲಿಲ್ಲದ ಬಾಯಿಂದ ಕಡಿಯುತ್ತಿದ್ದ. ಸಗೀರಾ ತಾನು ಕೇಳಿದ್ದನ್ನೂ ಕಂಡದ್ದನ್ನೂ ಹೇಳಿದಳು. ರೇವಪ್ಪ ತಲೆದೂಗಿದರು. ಬಸಂತರಾಯರು ತೂಗಲಿಲ್ಲ. ಎರಡು ಓಣಿ ಎಂದರೆ ಊರಲ್ಲ, ಅಕ್ಕೋರಿಗೆ ಸಾಲೆ ಬೇಕಾಗಿದೆ, ಬೇಕಾದವರ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ ಎಂದರು.

ಮಾತು ಚುಚ್ಚಿತು. ಸಗೀರಾ ಅದನ್ನು ನುಂಗಿಕೊಂಡಳು. "ಹೌದ್ರಿ, ಸಾಲಿ ನನಗ ಬೇಕಾಗೈತಿ. ಅದಕ್ಕ ನನ್ನ ಮಾತು ನಂಬಬ್ಯಾಡ್ರಿ. ಮೂರನೇ ಓಣಿ ನಿಮ್ಮದ ಇರಲಿ. ಒಳಗ ಕೇಳ್ರಿ."

ಬಸಂತರಾಯರು ಒಳಬಾಗಿಲ ಕಡೆ ತಿರುಗಿ ಸೊಸೆಯನ್ನು ಕೂಗಿದರು. "ಹೊನ್ನವ್ವಾ, ನಮ್ಮ ಮನ್ಯಾಗ ಉಣ್ಣೋರು ಎಷ್ಟು ಮಂದಿ?"

"ಏಳು ಮಂದಿರಿ ಮಾವಾ. ಯಾಕ್ರಿ, ಯಾರರ ಊಟಕ್ಕ ಬರ್ತಾರೇನ್ರಿ?"

ಅವರು ಬೆರಳು ಮಡಚಿದರು. ಏಳು ಮುಗಿದವು. ತೊಡೆಯ ಮೇಲಿದ್ದವನು ಡಬ್ಬಿ ಬಿಟ್ಟು ಅಜ್ಜನ ಎಂಟನೆಯ ಬೆರಳನ್ನು ಹಿಡಿದುಕೊಂಡ.

"ಲೆಕ್ಕಕ್ಕ ಬಂದಾಗೂ ಹಿಂಗ ಹೇಳಿದ್ದೇನವಾ?"

"ಹೂನ್ರಿ. ನೀವ ಹಂಗ ಕೇಳಾಕ ಹೇಳಿ ಕಳಸಿದ್ರಂತಲ್ಲರಿ."

ಕಾಳಪ್ಪ ನಗು ತಡೆಯಲಾರದೆ ಕೆಮ್ಮಿದರು. "ಬಸಂತರಾಯರ, ಸ್ವಂತ ಮೊಮ್ಮಗನ್ನ ಊರು ಬಿಡಿಸಿದ್ರಿ."

ಬಸಂತರಾಯರು ನಗಲಿಲ್ಲ. ಕೂಸನ್ನು ಭುಜಕ್ಕೆ ಒರಗಿಸಿಕೊಂಡು ಎದ್ದು ಹೋಗಿ ಗೋಡೆಯ ಹಾಳೆಯನ್ನು ಬಿಚ್ಚಿದರು, ಮಡಚಿದರು. ಆ ಮನುಷ್ಯರ ದೊಡ್ಡತನ ಕಂಡದ್ದು ಆಮೇಲೆ. ಎರಡು ಓಣಿಯ ಮೇಲೆ ತಾವು ಒಪ್ಪುವುದಿಲ್ಲ, ತಮ್ಮ ಒಂದು ಮನೆಯ ಮೇಲೂ ಒಪ್ಪುವುದಿಲ್ಲ, ಪೂರಾ ಊರನ್ನು ಮತ್ತೆ ಎಣಿಸಬೇಕು, ಪ್ರಶ್ನೆ ಅಕ್ಕೋರದೇ ಇರಲಿ ಎಂದರು. ಸಗೀರಾಗೂ ಬೇಕಾದದ್ದು ಅದೇ. ಈ ಸಲ ಸಂಘದವರ ಜೊತೆ ಸಾಲೆಯ ಅಕ್ಕೋರೂ ಹೋದರು. ಯುಗಾದಿಗೆ ಮೊದಲು ಹೊಸ ಹಾಳೆ ಗೋಡೆಗೆ ಬಂತು. ಬುಡ ಅಗಲವಾಗಿ ಕೂತಿತ್ತು. ಎಡಗಡೆಯ ತಗ್ಗು ಮಾತ್ರ ಇದ್ದಂತೆಯೇ ಇತ್ತು. ಅದನ್ನು ಯಾವ ಪ್ರಶ್ನೆಯೂ ತುಂಬುವಂತಿರಲಿಲ್ಲ.

"ಊರು ಎಳೇದೈತಿ" ಎಂದರು ಬಸಂತರಾಯರು. "ಮುದುಕಾಗಿದ್ದು ನಮ್ಮ ಕಮಿಟಿ."

ಸಾಲೆಗೆ ಪಾಯ ತೆಗೆದರು. ರೇವಪ್ಪ ಒಂದೇ ಹಟ ಹಿಡಿದರು: ಬೇವಿನ ಮರದ ಸುತ್ತ ಹಿರಿಯರಿಗೆ ಒಂದು ಕಟ್ಟೆ ಬೇಕು. ಸಗೀರಾ ಸಂತೋಷದಿಂದ ಒಪ್ಪಿದಳು. ಅವಳೇ ಅವರಿಗೆ ಇನ್ನೊಂದು ಮಾತು ಹೇಳಿದಳು. ಈ ಹುಡುಗಿಯರು ಕಲಿತು, ತಡವಾಗಿ ಮದುವೆಯಾಗಿ, ಹೆತ್ತ ಮಕ್ಕಳು ಉಳಿದು, ಎರಡು ಮೂರು ಸಾಕೆನ್ನುವ ಕಾಲ ಬಂದೀತು. ಆಗ ಬುಡ ನಿಜವಾಗಿಯೂ ಸಣ್ಣಗಾಗುತ್ತದೆ. ಇವರೆಲ್ಲ ಒಂದೊಂದೇ ಪಟ್ಟಿ ಏರಿ ಮೇಲೆ ಬರುತ್ತಾರೆ, ಆಗ ಊರಿಗೆ ವಯಸ್ಸಾಗುತ್ತದೆ. ವಿಶ್ರಾಂತಿ ಮನೆ ಅಂದಿಗೆ ಬೇಕು. ಅಲ್ಲಿಯ ತನಕ ಕಟ್ಟೆ ಸಾಕು. ತಮ್ಮ ಕಾಲಕ್ಕೆ ಅದೂ ಹೆಚ್ಚು ಎಂದು ರೇವಪ್ಪ ಕಟ್ಟೆಗೆ ಮೊದಲ ಕಲ್ಲು ಇಟ್ಟರು.

ಐದನೆಯ ಇಯತ್ತೆ ಮುಚ್ಚಲಿಲ್ಲ. ಮರುವರ್ಷ ಹೊಸ ಕೋಣೆಗಳಲ್ಲಿ ಆರನೆಯದೂ ಬಂತು. ಸಗೀರಾ ಆ ಹಾಳೆಗೆ ರಟ್ಟು ಹಚ್ಚಿ ಐದನೆಯದರ ಗೋಡೆಗೆ ತೂಗುಹಾಕಿದಳು. ಪ್ರತಿ ಜೂನಿನಲ್ಲಿ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, ನೀನು ಎಲ್ಲಿದ್ದೀ ತೋರಿಸು ಎನ್ನುತ್ತಿದ್ದಳು. ಅವರು ಬುಡದಿಂದ ಎಣಿಸಿ ಬಲಗಡೆಯ ಮೂರನೆಯ ಪಟ್ಟಿಗೆ ಬೆರಳಿಡುತ್ತಿದ್ದರು. ಅಕ್ಕೋರ, ನೀವು ಎಲ್ಲಿ ಅಂದರೆ ಎಂಟನೆಯದನ್ನು ತೋರಿಸುತ್ತಿದ್ದಳು. ಆಮೇಲೆ ಒಂದು ಜೂನಿನಲ್ಲಿ ನಕ್ಕು, ಬೆರಳನ್ನು ಒಂಬತ್ತನೆಯದಕ್ಕೆ ಏರಿಸಿದಳು.

ಅದಕ್ಕಿಂತ ಮೇಲೆ ಏರಲಿಲ್ಲ. ಜಡ್ಡು ಎಂದು ತಿಳಿಯುವ ಹೊತ್ತಿಗೆ ಬಹಳ ಮುಂದೆ ಹೋಗಿತ್ತು. ಜೈನುದ್ದೀನ ಗಿರಣಿ ಬಿಟ್ಟು ಊರಿಗೆ ಬಂದ. ಕೊನೆಯ ತಿಂಗಳುಗಳಲ್ಲಿ ಅವನೇ ಅವಳನ್ನು ಟಾಂಗಾದಲ್ಲಿ ಕೂರಿಸಿಕೊಂಡು ಸಾಲೆಗೆ ತಲುಪಿಸಿ, ಸಾಲೆ ಬಿಡುವ ತನಕ ಬೇವಿನ ಕಟ್ಟೆಯ ಮೇಲೆ ಬಸಂತರಾಯರ ಪಕ್ಕದಲ್ಲಿ ಕಾಯುತ್ತಿದ್ದ. ಮನೆಯಲ್ಲಿ ಮಲಗಿರು ಎಂದರೆ ಕೇಳುತ್ತಿರಲಿಲ್ಲ. ಪಾಠ ಅರ್ಧಕ್ಕೆ ಬಿಡಲಾರೆ ಎನ್ನುತ್ತಿದ್ದಳು, ಬಿಡಲೂ ಇಲ್ಲ.

ಅವಳು ಹೋದ ಮೇಲೆ ಕಸ್ತೂರೆವ್ವನೇ ಐದನೆಯದರ ಭೂಗೋಳ ತೆಗೆದುಕೊಂಡಿದ್ದಾಳೆ. ಈ ಜೂನಿನಲ್ಲಿ ಹುಡುಗಿಯರನ್ನು ಹಾಳೆಯ ಮುಂದೆ ನಿಲ್ಲಿಸಿದಳು. ಅವರು ಬುಡದಿಂದಲೇ ಎಣಿಸಿದರು. ಒಬ್ಬಳು ಒಂಬತ್ತನೆಯ ಪಟ್ಟಿಯವರೆಗೂ ಎಣಿಸುತ್ತ ಹೋಗಿ ಅಲ್ಲಿ ಬೆರಳಿಟ್ಟು ನಿಂತಳು. ಹುಡುಗಿ ತಾನಾಗಿ ಬೆರಳು ತೆಗೆಯುವ ತನಕ ಕಸ್ತೂರೆವ್ವ ಕಾದಳು, ಆಮೇಲೆ ಮುಂದಿನ ಹುಡುಗಿಯನ್ನು ಕರೆದಳು. ಇನ್ನೂ ಬಹಳ ಮಂದಿ ಇದ್ದರು.